ಚೌವಿಹಾರಕ್ಕೊಂದು ನಕ್ಷತ್ರ

ಚನ್ನರಾಯಪಟ್ಟಣದಲ್ಲಿ ಜೈನ ಯಾತ್ರಿಕರ ವಸತಿಗೃಹ ನಡೆಸುವ ನನ್ನ ಸೋದರತ್ತೆ ಚಕ್ರೇಶ್ವರಿಗೆ ಇರುವುದು ಒಂದೇ ಭಯ. ಸೂರ್ಯ ಮುಳುಗಿದ ಮೇಲೆ ನೀರನ್ನೂ ಮುಟ್ಟದ ಅತಿಥಿಗಳು ತಮ್ಮಲ್ಲಿ ಹಸಿದು ಮಲಗಿಬಿಟ್ಟರೆ ಎಂದು. ಆದರೆ ಸಂಜೆ ಊಟ ಕೇಳುವ ಮೇಲ್‌ಗಳು ಜಾಹೀರಾತುಗಳ ರಾಶಿಯಲ್ಲಿ ಹೂತುಹೋಗುತ್ತಿದ್ದವು.

ರಜೆಗೆ ಬಂದ ನಾನು ಅವರ ಜಿಮೇಲ್‌ಗೆ ಗೂಗಲ್ ಸ್ಕ್ರಿಪ್ಟ್ ಬರೆದೆ. ಹತ್ತು ನಿಮಿಷಕ್ಕೊಮ್ಮೆ ಅದು ತಾನಾಗಿಯೇ ಓಡಿ, ಜಾಹೀರಾತುಗಳಿಗೆ ‘ಆಫರ್’ ಎಂದು ಲೇಬಲ್ ಹಾಕಿ ಆರ್ಕೈವ್ ಮಾಡುತ್ತದೆ; ‘ಡಿನ್ನರ್’ ಎಂಬ ಪದವಿರುವ ಮೇಲ್‌ಗೆ ನಕ್ಷತ್ರ ಇಡುತ್ತದೆ. ಅತ್ತೆ ನಕ್ಷತ್ರದ ಪಟ್ಟಿ ನೋಡಿದರೆ ಸಾಕು.

ಕೋಡ್ ತೋರಿಸಿದರೆ ಅವರು ನಕ್ಕೇಬಿಟ್ಟರು.

“ಡಿನ್ನರ್ ಅಂತ ಯಾರ್ ಬರೀತಾರೆ ಕಣೆ ಪ್ರಾರ್ಥನಾ? ಗುಜರಾತಿನವ್ರು ಚೌವಿಹಾರ್ ಅಂತಾರೆ, ಹೊತ್ ಮುಳುಗೋ ಮುಂಚೆ ಉಣ್ಣೋದಕ್ಕೆ. ನಿಮ್ ಇಂಜಿನಿಯರಿಂಗ್ ಕಾಲೇಜಲ್ಲಿ ಇದ್ನ ಹೇಳ್ಕೊಡಲ್ವಾ?”

“ಅಲ್ಲಿ ಊಟಾನೇ ಸರಿಯಾಗ್ ಹಾಕಲ್ಲ ಅತ್ತೆ.”

ಆ ಪದವನ್ನೂ ಹುಡುಕಾಟಕ್ಕೆ ಸೇರಿಸಿ ಸೇವ್ ಮಾಡಿದೆ. ಅದೇ ದಿನ ನಾಲ್ಕು ಗಂಟೆಗೆ ಸೂರತ್‌ನ ಒಂಬತ್ತು ಜನರ ತಂಡದಿಂದ ಮೇಲ್ ಬಂತು: ಐದಕ್ಕೆ ಬರುತ್ತೇವೆ, ಚೌವಿಹಾರ್ ಬೇಕು. ನಾಲ್ಕೂ ಹತ್ತರೊಳಗೆ ನಕ್ಷತ್ರ ಮೂಡಿತ್ತು, ನಾಲ್ಕೂ ಕಾಲಿಗೆ ಒಲೆ ಉರಿಯುತ್ತಿತ್ತು. ನಾನು ಚಪಾತಿ ಲಟ್ಟಿಸಿದೆ, ಯಾವ ದೇಶದ ನಕ್ಷೆ ಎಂದು ಅತ್ತೆ ಕೇಳಿದರು.

ಐದೂ ಮುಕ್ಕಾಲಿಗೆ ಎಲ್ಲರ ಊಟ ಮುಗಿದಿತ್ತು. ಅವರಲ್ಲಿನ ಅಜ್ಜಿ ಆ ದಿನದ ಕೊನೆಯ ಲೋಟ ನೀರು ಕುಡಿದು ಕಿಟಕಿಯತ್ತ ನೋಡಿದರು. ತೆಂಗಿನ ಗರಿಗಳ ಮೇಲೆ ಇನ್ನೂ ಬಿಸಿಲಿತ್ತು.