ಮೊಟ್ಟೆಯಿಲ್ಲದ ಕೇಕಿನ ಪರೀಕ್ಷೆ

ಎಪ್ಪತ್ತರ ದಶಕದ ಶುರುವಿನಲ್ಲಿ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮಪ್ಪನ ಬೇಕರಿ ಇತ್ತು. ಅಪ್ಪನಿಗೆ ತನ್ನ ಸ್ಪಂಜ್ ಕೇಕಿನ ಮೇಲೆ ಬಲು ಜಂಬ. ಕೈ ಸೋಲುವವರೆಗೆ ಮೊಟ್ಟೆ ಕಡೆದು, ಆ ನೊರೆಯಲ್ಲಿ ಗಾಳಿ ಹಿಡಿದಿಟ್ಟು ಬೇಯಿಸುತ್ತಿದ್ದ. ಬೆರಳಿಂದ ಒತ್ತಿದರೆ ಕೇಕ್ ಮತ್ತೆ ಮೇಲೇಳುತ್ತಿತ್ತು. ಒಂದು ದಿನ ರೇಷ್ಮೆ ವ್ಯಾಪಾರಿಯೊಬ್ಬರು ಬಂದು, ಮಗನ ಮೊದಲ ಹುಟ್ಟುಹಬ್ಬಕ್ಕೆ ಅಂಥದೇ ಕೇಕ್ ಬೇಕು, ಆದರೆ ಮೊಟ್ಟೆ ಸೋಕಬಾರದು ಎಂದರು. ಅಪ್ಪ ಹೂಂ ಅಂದುಬಿಟ್ಟ. ಜಂಬಕ್ಕೆ ಬುದ್ಧಿ ಎಲ್ಲಿಂದ ಬರಬೇಕು?

ಮೊದಲು ಮೊಸರು, ಅಡುಗೆ ಸೋಡಾ ಹಾಕಿದ. ಮೃದುವಾಗೇನೋ ಬಂತು, ಚಾಕು ತಾಗಿದರೆ ಪುಡಿಪುಡಿ. ಧಾರವಾಡ ಕಡೆಯ ಮೇಷ್ಟ್ರೊಬ್ಬರು ಅಗಸೆ ಬೀಜ ಕೊಟ್ಟರು. ಪುಡಿ ಮಾಡಿ ನೀರಲ್ಲಿ ನೆನೆಸಿದರೆ ಲೋಳೆಯೇನೋ ಮೊಟ್ಟೆಯ ಹಾಗೇ ಆಯಿತು, ಹಿಟ್ಟನ್ನು ಹಿಡಿದೂ ಇಟ್ಟಿತು. ಗಾಳಿ ಮಾತ್ರ ಹಿಡಿಯಲಿಲ್ಲ. ಕಂದುಬಣ್ಣದ ಕೇಕ್ ಹಲ್ಲಿಗೆ ಅಂಟುತ್ತಿತ್ತು. ಕೆಟ್ಟದ್ದೆಲ್ಲ ನಮ್ಮ ಹೊಟ್ಟೆಗೆ. ಕೊನೆಗೆ ಮೈಸೂರಿನಿಂದ ಕಂಡೆನ್ಸ್ಡ್ ಮಿಲ್ಕ್ ಡಬ್ಬ ತರಿಸಿ, ಬೆಣ್ಣೆ, ಸೋಡಾ, ಸ್ವಲ್ಪ ಮೊಸರಿನ ಜೊತೆ ಬೆರೆಸಿದ. ಸ್ಪಂಜಿನಷ್ಟು ಹಗುರವಲ್ಲ, ಆದರೆ ಒಳಗೆಲ್ಲ ಸಣ್ಣ ಸಣ್ಣ ರಂಧ್ರ, ತೇವ, ನಯ. ಅಪ್ಪ ಒಂದು ತುಂಡನ್ನು ರುಚಿ ನೋಡಲು ವ್ಯಾಪಾರಿಯ ಮನೆಗೆ ಕಳಿಸಿದ.

ಅದೇ ತಪ್ಪಾಯಿತು. ವ್ಯಾಪಾರಿಯ ತಾಯಿ ತಿಂದು, ಇಷ್ಟು ಮೆತ್ತಗಿದ್ದರೆ ಮೊಟ್ಟೆ ಇರಲೇಬೇಕು ಅಂದರಂತೆ. ಅಪ್ಪ ಆಣೆ ಇಟ್ಟರೂ ಮನೆಯವರು ಕೇಳಲಿಲ್ಲ. ನಮ್ಮ ಕಣ್ಣೆದುರಿಗೇ ಮಾಡು ಅಂದರು.

ಮರುದಿನ ವ್ಯಾಪಾರಿ, ಅವರ ತಾಯಿ ಇಬ್ಬರೂ ತಮ್ಮದೇ ಪಾತ್ರೆ, ತಮ್ಮದೇ ಮೊಸರಿನೊಂದಿಗೆ ಬಂದು ಬೇಕರಿಯಲ್ಲಿ ಕೂತರು. ಅಪ್ಪ ಎಲ್ಲವನ್ನೂ ತೋರಿಸಿ ತೋರಿಸಿ ಬೆರೆಸಿದ. ಹಿಟ್ಟಿನಲ್ಲಿ ಗುಳ್ಳೆ ಏಳುತ್ತಿತ್ತು. ಇನ್ನೇನು ಒಲೆಯೊಳಗೆ ಇಡಬೇಕು, ವ್ಯಾಪಾರಿ ಗಡಿಯಾರ ನೋಡಿ ತಡೆದರು. ರಾಹುಕಾಲ ಶುರುವಾಗಿತ್ತು. ಮಗುವಿನ ಕೇಕ್, ಅದು ಕಳೆಯಲಿ ಅಂದರು. ಸೋಡಾ ಹಾಕಿದ ಹಿಟ್ಟು ಕಾಯುವುದಿಲ್ಲ ಅಂತ ಅಪ್ಪ ಹೇಳಿದ. ರಾಹುವಿನ ಮುಂದೆ ಸೋಡಾದ ಮಾತು ನಡೆಯಲಿಲ್ಲ. ಒಂದೂವರೆ ಗಂಟೆಯಲ್ಲಿ ಗುಳ್ಳೆಯೆಲ್ಲ ಒಡೆದು ಹೋಯಿತು. ಬೆಂದ ಮೇಲೆ ಹೊರಬಂದದ್ದು ಇಟ್ಟಿಗೆ.

ವ್ಯಾಪಾರಿ ಅದನ್ನು ಕುಟ್ಟಿ ನೋಡಿ ತೀರ್ಪು ಕೊಟ್ಟರು: ಮೊಟ್ಟೆಯಿಲ್ಲದ್ದು ಹೀಗಿರುತ್ತೆ, ಅಂದಮೇಲೆ ಮೊದಲಿನದ್ದರಲ್ಲಿ ಮೊಟ್ಟೆ ಇತ್ತು. ಆರ್ಡರ್ ಹೋಯಿತು. ಅದಕ್ಕಿಂತ ಹೆಚ್ಚಾಗಿ, ಅಪ್ಪ ಸುಳ್ಳುಗಾರ ಅಂತ ಊರಲ್ಲಿ ಮಾತು ಹಬ್ಬಿತು. ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ನನಗೆ ಆ ಮನೆಯವರ ಮೇಲೆ ಮೈಯೆಲ್ಲ ಉರಿಯುತ್ತಿತ್ತು.

ವಾರ ಕಳೆದ ಮೇಲೆ ಆ ತಾಯಿ ಒಬ್ಬರೇ ಬಂದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಅಂದರು: "ಆವತ್ತು ಮನೆಗೆ ಕಳ್ಸಿದ್ಯಲ್ಲ, ಅದ್ನೇ ಮಾಡ್ಕೊಡಪ್ಪ. ಮೊಟ್ಟೆ ಆಕಿದ್ದೀಯೋ ಇಲ್ವೋ, ನಾನಂತೂ ಕೇಳಾಕಿಲ್ಲ."

"ಮೊಟ್ಟೆ ಇಲ್ಲ ಕಣಮ್ಮ, ನನ್ ಮಕ್ಕಳಾಣೆ" ಅಂದ ಅಪ್ಪ.

ಅವರು ನಕ್ಕು, "ಆಗ್ಲಿ ಬುಡಪ್ಪ" ಅಂದರು.

ಆಮೇಲೆ ತಿಂಗಳಿಗೊಮ್ಮೆ ಬರುತ್ತಿದ್ದರು, ತಾವು ಬದುಕಿರುವಷ್ಟು ದಿನವೂ. ಬೇಕರಿಯ ಒಳಕೋಣೆಯಲ್ಲಿ ಕೂತು, ಕಣ್ಣು ಮುಚ್ಚಿ, ಎರಡೂ ಕೆನ್ನೆ ಬಡಿದುಕೊಂಡು ದೇವರಿಗೆ ತಪ್ಪಾಯಿತು ಅಂದು, ಆಮೇಲೆ ತಿನ್ನುತ್ತಿದ್ದರು. ಅಷ್ಟು ಹೊತ್ತೂ ಅಪ್ಪ ಗೋಡೆ ಕಡೆ ತಿರುಗಿ ನಿಂತಿರುತ್ತಿದ್ದ.