ಕತ್ತರಿಸಿದ ಮೊದಲ ಹಾಳೆ

ನಮ್ಮ ಮುನುಸ್ವಾಮಿ ಮಾವ ಪಾಲಕೋಡಿನ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುತ್ತಾರೆ. ಮದುವೆಗೆ ಕೊಡುವ ಕೊಡ, ತಟ್ಟೆ, ದೀಪ ಏನೇ ಇರಲಿ, ಕೊಟ್ಟವರ ಹೆಸರು, ಊರು, ತಾರೀಕು ಅವರ ಕೈಯಲ್ಲೇ ಆಗಬೇಕು. ಈಗ ಮಿಷನ್ ಬಂದಿದ್ದರೂ ಉಳಿ ಸುತ್ತಿಗೆ ಕಾಲದ ಕೈ ಹಾಗೇ ಇದೆ. ಅವರು ನೋಟ್‌ಬುಕ್ಕಿನಲ್ಲಿ ಒಂದು ಸಹಿ ಹಾಕಿದರೆ ಕೆಳಗಿನ ಮೂರು ಹಾಳೆಯ ಮೇಲೂ ಅಚ್ಚೊತ್ತಿ ಮುನುಸ್ವಾಮಿಯೇ.

ಎದುರಿನ ಟೀ ಅಂಗಡಿಯ ಅಣ್ಣಾಮಲೈ ಇವರ ಜೀವದ ಗೆಳೆಯ. ಐವತ್ನಾಲ್ಕರ ಬ್ರಹ್ಮಚಾರಿ ಇದ್ದಕ್ಕಿದ್ದಂತೆ ಸೇಲಂ ಆಚೆಯ ಏರ್ಕಾಡಿನ ಒಬ್ಬ ನರ್ಸಮ್ಮನನ್ನು ಒಪ್ಪಿಕೊಂಡು, ಮದುವೆ ಮುಗಿದ ಮೇಲೆ ಆಕೆಯ ಮನೆಯಲ್ಲೇ ಇರುವುದೆಂದು ಅಂಗಡಿ ಮುಚ್ಚಿಬಿಟ್ಟ. ಮಾವ ಉಡುಗೊರೆಗೆಂದು ನನ್ನಿಂದ ಸೇಲಂನಲ್ಲಿ ಅಡುಗೆ ಪುಸ್ತಕ ತರಿಸಿದರು.

“ಅವ್ನ ಕೈರುಚಿಗೆ ಇಷ್ಟು ದಿನ ನಾವು ಸತ್ತೋ. ಆಯಮ್ಮನಾದ್ರೂ ಬದುಕ್ಲಿ,” ಎಂದರು.

ನಾನು ಪುಸ್ತಕ ಬಿಚ್ಚಿ ತೋರಿಸಿದೆ. “ಮುಂದ್ಗಡೆ ಎರಡು ಕಾಲಿ ಆಳೆ ಐತೆ ಮಾವ. ಮೊದಲ್ನೇದ್ರಲ್ಲಿ ಮೇಲೆ ಅವ್ರ ಎಸ್ರು, ನಡುವೆ ಮನಸಿನ ಮಾತು, ಕೆಳಗೆ ನಿಮ್ಮೆಸ್ರು, ಊರು, ತಾರೀಕು.”

“ನಂಗೇ ಏಳ್ಕೊಡ್ತೀಯಾ?” ಎಂದವರು ಪೆನ್ನಿನ ಮುಚ್ಚಳ ತೆಗೆದು, “ಮನಸಿನ ಮಾತ್ನ ಮಾತ್ರ ಪಾತ್ರೆ ಮೇಲೆ ಯಾರೂ ಬರೆಸಿಲ್ಲ,” ಎಂದರು.

ನಮ್ಮ ಮಾತು ಕನ್ನಡ, ಕಲಿತ ಅಕ್ಷರ ತಮಿಳು. ಆ ಅಕ್ಷರದಲ್ಲೇ ನಮ್ಮ ಮಾತನ್ನು ಮೊದಲ ಹಾಳೆಯಲ್ಲಿ ಬಾಲ್‌ಪೆನ್ನು ಅದುಮಿ ಅದುಮಿ ಬರೆದರು. ಮುಗಿಸಿ ಓದಿಕೊಂಡವರ ಮುಖ ಬಾಡಿತು. ಬ್ಲೇಡು ತಂದು, ಹಾಳೆಯನ್ನು ಹೊಲಿಗೆಯ ಹತ್ತಿರ ನೀಟಾಗಿ ಕೊಯ್ದು ಜೇಬಿಗಿಟ್ಟರು.

“ಮದ್ವೆ ಮನೇಗೆ ಅಳು ಕಳಿಸ್ಬಾರ್ದು ಕಣಮ್ಮ.”

ಎರಡನೇ ಹಾಳೆಯ ತಳದಲ್ಲಿ ‘ಶುಭ ಹಾರೈಕೆಗಳೊಂದಿಗೆ’ ಎಂದು ಹೆಸರು, ಊರು, ತಾರೀಕು ಹಾಕಿದರು. ಥೇಟ್ ಕೊಡದ ಮೇಲಿನ ಬರಹ. ನನಗೆ ಸಿಟ್ಟು ಬಂತು.

ಅಣ್ಣಾಮಲೈ ಹೊರಟ ದಿನ ಬಸ್‌ಸ್ಟ್ಯಾಂಡಿನಲ್ಲಿ ಪುಸ್ತಕ ಕೊಟ್ಟೆವು. ಅವನು ತೆರೆದ, ತಳದ ಸಾಲು ಓದಿದ, ಮುಖ ಸಪ್ಪಗಾಯಿತು.

“ಇಷ್ಟೇನ್ಲಾ?”

ಹೊಲಿಗೆಯಲ್ಲಿ ಉಳಿದಿದ್ದ ಬೆರಳಗಲದ ಕಾಗದಕ್ಕೆ ಅವನ ಹೆಬ್ಬೆರಳು ತಾಗಿತು. ಮೇಲಿನ ಖಾಲಿ ಜಾಗವನ್ನು ಸವರಿ ನೋಡಿದ. ಪುಸ್ತಕವನ್ನು ಬಿಸಿಲಿಗೆ ಓರೆಯಾಗಿ ಹಿಡಿದ. ಮಾವ ಸೇಲಂ ಬಸ್ಸಿನ ಬೋರ್ಡು ಓದುವವರಂತೆ ಆಚೆ ತಿರುಗಿದರು. ಅದುಮಿದ ಅಕ್ಷರಗಳು ಒಂದೊಂದೇ ಎದ್ದು ಕಂಡವು. ಅಣ್ಣಾಮಲೈ ಜೋರಾಗಿಯೇ ಓದಿದ:

“ಅಣ್ಣಾಮಲೈ, ನಿನ್ ಟೀ ಒಂದಿನಾನೂ ಸಂದಾಗಿರ್ಲಿಲ್ಲ. ಇಪ್ಪತ್ತಾರು ವರ್ಸ ಕುಡುದೆ. ನೀನಿದ್ದೆ ಅಂತ ಕುಡುದೆ. ನಾಳೆಯಿಂದ ಎಲ್ಗೋಗ್ಲಿ?”

ಬಸ್ಸಿನ ಎಂಜಿನ್ ಶುರುವಾಯಿತು. ಅವನು ಕೈ ಚಾಚಿದ.

“ಕೊಯ್ದಿದ್ದು ಎಲ್ಲೈತೆ? ಕೊಡ್ಲಾ.”

ಮಾವ ಜೇಬಿನಿಂದ ಮಡಿಸಿದ ಹಾಳೆ ತೆಗೆದುಕೊಟ್ಟರು. ಅವನು ಅದನ್ನು ಬಿಡಿಸಿ, ಕೊಯ್ದ ಜಾಗಕ್ಕೇ ಸರಿಯಾಗಿ ಕೂರಿಸಿ, ಪುಸ್ತಕ ಮುಚ್ಚಿದ.

“ಟೀ ಸಂದಾಗಿಲ್ಲ ಅಂತ ನಂಗೂ ಗೊತ್ತಿತ್ತು,” ಎಂದ, ಮೆಟ್ಟಿಲು ಹತ್ತುತ್ತಾ. “ನೀನ್ ಬತ್ತಿದ್ದೆ ಅಂತ ಅಂಗ್ಡಿ ತೆಗೀತಿದ್ದೆ.”