ಏಪ್ರಿಲ್ ಕೊನೆಯವರೆಗೆ

ನುಸಿಗುಳಿಗೆಯ ವಾಸನೆ ಹತ್ತಿದ ಒಂದು ಕಾರ್ಬನ್ ಪ್ರತಿ ನನ್ನ ಕೈಯಲ್ಲಿದೆ. ನೀಲಿ ಅಕ್ಷರಗಳು ಮಾಸಿವೆ. ಕೆಳಗೆ ನನ್ನ ಸಹಿ, ಪಕ್ಕದಲ್ಲಿ ನಾನೇ ಸಿಟ್ಟಿನಿಂದ ಗೀಚಿದ ಸಾಲು: ‘ಪತ್ರ ಮುಟ್ಟಿತು. ನಿಮ್ಮ ಮನೆ ನಿಮಗೇ ಇರಲಿ.’ ಓದಿದರೆ ಈಗಲೂ ನಾಚಿಕೆಯಾಗುತ್ತದೆ.

ಬೈಯಪ್ಪನಹಳ್ಳಿಯಲ್ಲಿ ನಾವು ಒಂಬತ್ತು ವರ್ಷ ಬಾಡಿಗೆಗಿದ್ದ ಮನೆಯ ಮಾಲೀಕರ ಪತ್ರ ಅದು. ನಾವು ಅವರನ್ನು ಅಜ್ಜಾರು ಎನ್ನುತ್ತಿದ್ದೆವು. ಹಳೇ ಊರಿನವರು, ಒಂದು ಕಾಲಕ್ಕೆ ರಾಗಿ, ಸೊಪ್ಪು ಬೆಳೆದವರು. ಕೆಳಗಿನ ಒಂದೇ ಕೋಣೆಯಲ್ಲಿ ಅವರು, ಮೇಲಿನ ಮನೆಯಲ್ಲಿ ನಾನು, ಗಂಡ, ಮಗಳು. ರಾಯಚೂರಿನಿಂದ ಬಂದ ನನ್ನ ಮಾತು ಅವರಿಗೆ ತಮಾಷೆ. ನಾನು ‘ಹೌದ್ರೀ’ ಎಂದರೆ ಅವರೂ ಎಳೆದು ‘ಹೌದ್ರೀಈ’ ಎನ್ನುತ್ತಿದ್ದರು.

ಅಂಥವರು ಒಂದು ನವೆಂಬರ್ ಬೆಳಿಗ್ಗೆ ಮೆಟ್ಟಿಲು ಹತ್ತಿ ಬಂದು, ಮಾತಾಡದೆ ಲಕೋಟೆ ಕೊಟ್ಟರು. ಇಂದಿರಾನಗರದ ಟೈಲರಿಂಗ್ ಅಂಗಡಿಗೆ ಹೊರಟಿದ್ದವಳು ಅಲ್ಲೇ ನಿಂತು ಓದಿದೆ.

‘ನನ್ನ ಮಗಳು ಗಂಡನ ಮನೆ ಬಿಟ್ಟು, ಮಗನೊಂದಿಗೆ ಇಲ್ಲಿಗೇ ವಾಸಕ್ಕೆ ಬರುತ್ತಿದ್ದಾಳೆ. ಆದ್ದರಿಂದ ಮೇಲಿನ ಮನೆ ಬೇಕಾಗಿದೆ. ಅಗ್ರಿಮೆಂಟಿನಲ್ಲಿ ಎರಡು ತಿಂಗಳ ನೋಟಿಸು ಎಂದಿದ್ದರೂ, ನಿಮ್ಮ ಮಗಳ ಹತ್ತನೇ ತರಗತಿ ಪರೀಕ್ಷೆ ಇರುವುದರಿಂದ ಏಪ್ರಿಲ್ ಕೊನೆಯವರೆಗೆ ಇರಬಹುದು. ಮೊದಲೇ ಮನೆ ಸಿಕ್ಕರೆ ಹದಿನೈದು ದಿನ ಮುಂಚೆ ಹೇಳಿದರೆ ಸಾಕು. ಬೀಗದ ಕೈ ಕೊಟ್ಟ ದಿನವೇ ಅಡ್ವಾನ್ಸ್ ಪೂರ್ತಿ ವಾಪಸ್. ಪೇಂಟಿಂಗ್ ಎಂದು ಏನೂ ಹಿಡಿಯುವುದಿಲ್ಲ. ಕರೆಂಟ್ ಬಿಲ್ ಮಾತ್ರ ಅವತ್ತಿನವರೆಗೆ ನಿಮ್ಮದು.’

ಜೊತೆಗಿಟ್ಟ ಕಾರ್ಬನ್ ಪ್ರತಿಯ ಮೇಲೆ ಮುಟ್ಟಿದೆ ಎಂದು ಸಹಿ ಬೇಕು ಅಂತಲೂ ಬರೆದಿದ್ದರು! ಒಂಬತ್ತು ವರ್ಷ ಒಂದೇ ನಲ್ಲಿ ನೀರು ಕುಡಿದವರಿಗೆ ನೋಟಿಸು. ನನಗೆ ಮೈಯೆಲ್ಲ ಉರಿಯಿತು. ಬರೆಯಬಾರದ್ದನ್ನು ಬರೆದು ಕೈಗಿತ್ತೆ.

ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ. ಮೂರನೇ ದಿನ ತಡೆಯಲಾರದೆ ಕೇಳಿದೆ.

“ಒಂದ್ ಮಾತ್ ಬಾಯ್ಲೆ ಹೇಳಿದ್ರ ಆಗ್ತಿದ್ದಿಲ್ಲೇನ್ರೀ, ಅಜ್ಜಾರ?”

“ಬಾಯಲ್ಲಿ ಹೇಳಿದ್ರೆ ನಿನ್ ಮುಖ ನೋಡಿ ನಾನೇ ಖಾಲಿ ಮಾಡೋದ್ ಬೇಡ ಅಂದ್ಬಿಡ್ತೀನಿ ತಾಯಿ. ಅದೂ ಅಲ್ದೆ, ನಂಗೂ ವಯಸ್ಸಾಯ್ತು. ನಾಳೆ ನಾನಿಲ್ದೆ ಹೋದ್ರೆ, ಏಪ್ರಿಲ್ ತನಕ ಅಂದಿದ್ದು ಯಾರ್ಗೆ ಗೊತ್ತಿರುತ್ತೆ? ಆ ಕಾಗ್ದ ಜೋಪಾನವಾಗಿಡು. ಅದಿದ್ರೆ ಯಾರೂ ನಿಮ್ಮನ್ನ ನಡುವೆ ಏಳ್ಸೋಕ್ ಆಗಲ್ಲ.”

ನನ್ನ ಸಿಟ್ಟು ಅಲ್ಲೇ ಇಳಿಯಿತು. ಆದರೂ ಅಜ್ಜಾರ ಮಗಳು ಮೊದಲೇ ಬಂದುಬಿಟ್ಟರೆ ಎಂಬ ಭಯವಿತ್ತು. ಪರೀಕ್ಷೆಯ ಹೊತ್ತಿಗೆ ನನ್ನ ಮಗಳು ಮನೆ ಬದಲಿಸಬೇಕಾದರೆ ಅವಳ ವರ್ಷವೇ ಹಾಳು. ಓದಲು ಅವಳಿಗಿದ್ದದ್ದು ಆ ಕಿಟಕಿಯ ಪಕ್ಕದ ಒಂದು ಮೂಲೆ.

ಭಾನುವಾರಗಳಂದು ನಾನು ಕೆ.ಆರ್. ಪುರಂ ಕಡೆ ಮನೆ ಹುಡುಕಿದೆ. ಹೋದಲ್ಲೆಲ್ಲ ಒಂದೇ ಪ್ರಶ್ನೆ: ಯಾಕೆ ಖಾಲಿ ಮಾಡಿಸ್ತಿದ್ದಾರೆ? ಏನೋ ತಂಟೆ ಇರಬೇಕು ಎನ್ನುವ ಅನುಮಾನ. ಮಾರ್ಚ್ ಬಂತು. ಕೊನೆಗೆ ಅಜ್ಜಾರೇ ಕೊಡೆ ಊರಿಕೊಂಡು ನನ್ನ ಜೊತೆ ಬಂದರು. “ನನ್ ಮಗಳು ಬರ್ತಾಳೆ, ಅದ್ಕೆ. ಇವ್ರ ತಪ್ಪೇನಿಲ್ಲ, ಒಂಬತ್ತು ವರ್ಷದಲ್ಲಿ ಒಂದ್ ಗೋಡೆಗೂ ಮೊಳೆ ಹೊಡ್ದಿಲ್ಲ,” ಎಂದರು. ಹೊಡೆದಿದ್ದೆ, ಆರು. ಅವರಿಗೂ ಗೊತ್ತಿತ್ತು... ಮನೆ ಅವತ್ತೇ ಕುದುರಿತು.

ಪರೀಕ್ಷೆ ಮುಗಿದ ಮರುವಾರ ಸಾಮಾನು ಕಟ್ಟಿದೆವು. ಅಡ್ವಾನ್ಸ್ ಕೈಗೆ ಬಂತು. ಲಾರಿ ಹೊರಟಾಗ ಅವರ ಮಗಳು, ಪುಟ್ಟ ಹುಡುಗನ ಕೈ ಹಿಡಿದು, ಆಟೋದಿಂದ ಇಳಿದಳು. ಎಷ್ಟು ಸರಿಯಾದ ಹೊತ್ತಿಗೆ ಬಂದಳಲ್ಲ ಎಂದುಕೊಂಡೆ.

ಹೋದ ವಾರ ಅಜ್ಜಾರ ಹನ್ನೊಂದನೇ ದಿನದ ಕಾರ್ಯಕ್ಕೆ ಹೋಗಿದ್ದೆ. ಆ ಮಗಳೇ ಬೀರುವಿನಿಂದ ಈ ಪ್ರತಿ ತೆಗೆದು ಕೊಟ್ಟಳು. “ಹಿಂದೆ ನೋಡಿ ಅಕ್ಕಾ,” ಎಂದಳು. ಹಿಂದೆ ಪೆನ್ಸಿಲಿನಲ್ಲಿ, ಅಜ್ಜಾರ ದುಂಡು ಅಕ್ಷರ:

‘ಮಗಳು ಶಿವರಾತ್ರಿಗೇ ಬಂದಳು. ಹಲಸೂರಿನಲ್ಲಿ ನನ್ನ ತಂಗಿಯ ಮನೆಯಲ್ಲಿ ಇರಿಸಿದ್ದೇನೆ. ಮೇಲಿನವರಿಗೆ ತಿಳಿಯಬಾರದು. ತಿಳಿದರೆ ಅವರು ಒಂದು ದಿನವೂ ಇರುವುದಿಲ್ಲ. ಹುಡುಗಿ ಓದುತ್ತಿದ್ದಾಳೆ.’

“ಎರಡು ತಿಂಗಳು ಅಪ್ಪನ ಮೇಲೆ ಮುನಿಸ್ಕೊಂಡಿದ್ದೆ ಅಕ್ಕಾ. ಬರ್ಕೊಟ್ಟಿದ್ದೀನಮ್ಮಾ ಅಂತ ಒಂದೇ ಮಾತು,” ಎಂದು ಅವಳು ಕಣ್ಣೊರೆಸಿಕೊಂಡಳು. ನನಗೂ ಅಳು ತಡೆಯಲಾಗಲಿಲ್ಲ.

ಒಂದು ಮಾತು ಬಾಯಲ್ಲಿ ಹೇಳಬಾರದಿತ್ತೇ ಎಂದು ಮತ್ತೆ ಜಗಳ ಆಡೋಣವೆಂದರೆ, ಈಗ ಅಜ್ಜಾರು ಇಲ್ಲ... ಅವಳ ಮಗ ಈ ವರ್ಷ ಹತ್ತನೇ ತರಗತಿ, ಅದೇ ಕಿಟಕಿಯ ಪಕ್ಕ ಓದುತ್ತಾನಂತೆ. ನನ್ನ ಮಗಳು ಈಗ ಶಾಲೆಯೊಂದರಲ್ಲಿ ಗಣಿತದ ಟೀಚರ್. ಇನ್ನು ಮೇಲೆ ಭಾನುವಾರ ಭಾನುವಾರ ಬೈಯಪ್ಪನಹಳ್ಳಿಗೆ ಹೋಗಿ ಅವನಿಗೆ ಪಾಠ ಹೇಳಿಕೊಡುತ್ತಾಳೆ. ಎಲ್ಲಿಯವರೆಗೆ ಎಂದು ಕೇಳಿದೆ.

“ಏಪ್ರಿಲ್ ಕೊನೇವರೆಗೂ ಅಮ್ಮಾ,” ಎಂದಳು.